ಸಿಎ-125 ನಾರ್ಮಲ್ ಇದ್ದರೂ ಆಪರೇಷನ್ ಯಾಕೆ?

"ಡಾಕ್ಟರೇ, ನನಗೆ 54 ವರ್ಷ. ಮುಟ್ಟು ನಿಂತು ಮೂರು ವರ್ಷವಾಯಿತು. ನಾಲ್ಕೈದು ತಿಂಗಳಿಂದ ಹೊಟ್ಟೆ ಉಬ್ಬರ, ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಸಾಕೆನಿಸುತ್ತದೆ. ಗ್ಯಾಸ್ಟ್ರಿಕ್ ಅಂದುಕೊಂಡು ಮಾತ್ರೆ ನುಂಗಿದೆ. ಕೊನೆಗೆ ಯೋನಿಯ ಮೂಲಕ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಎಡ ಅಂಡಾಶಯದಲ್ಲಿ 6.2 × 5.4 × 5 ಸೆಂ.ಮೀ. ಸಿಸ್ಟ್ ಸಿಕ್ಕಿದೆ. ಒಳಗೆ ಹಲವು ಕೋಣೆಗಳಿವೆ, 9 ಮಿ.ಮೀ. ಗಟ್ಟಿ ಭಾಗ, ಅದರಲ್ಲಿ ಅಲ್ಪ ರಕ್ತಸಂಚಾರ, ಓ-ರಾಡ್ಸ್ 4 ಎಂದು ಬರೆದಿದ್ದಾರೆ. ಆದರೆ ಸಿಎ-125 ಬರೀ 28, ನಾರ್ಮಲ್. ಹೀಗಿದ್ದೂ ಕ್ಯಾನ್ಸರ್ ಸರ್ಜನ್ ಹತ್ತಿರ ಹೋಗಿ ಅನ್ನುತ್ತಾರೆ. ಸೂಜಿ ಹಾಕಿ ನೀರು ತೆಗೆದು ಪರೀಕ್ಷಿಸಿದರೆ ಸಾಲದೇ? ಕಳೆದ ವರ್ಷ ಹೆಲ್ತ್ ಚೆಕಪ್‌ನಲ್ಲಿ ಹೊಟ್ಟೆಯ ಸ್ಕ್ಯಾನ್ ಸರಿಯಾಗಿಯೇ ಇತ್ತು, ಆಗಲೇ ಯಾಕೆ ಸಿಗಲಿಲ್ಲ? ನನ್ನ ಚಿಕ್ಕಮ್ಮನಿಗೆ (ತಾಯಿಯ ತಂಗಿ) 41ನೇ ವಯಸ್ಸಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಮಗಳಿಗೆ ವರ್ಷಕ್ಕೊಮ್ಮೆ ಸಿಎ-125 ಮಾಡಿಸಬೇಕೇ?"

ಮೊದಲು ಓ-ರಾಡ್ಸ್ 4 ಅಂದರೇನು ಎಂದು ಹೇಳಿಬಿಡುತ್ತೇನೆ. ಸ್ಕ್ಯಾನ್‌ನಲ್ಲಿ ಇಂಥ ಚಿತ್ರ ಕಂಡವರಲ್ಲಿ ಗಡ್ಡೆ ಕ್ಯಾನ್ಸರ್ ಆಗಿರುವ ಸಾಧ್ಯತೆ ಶೇ. 10ಕ್ಕಿಂತ ಕಡಿಮೆಯಲ್ಲ, ಶೇ. 50ನ್ನು ಮುಟ್ಟುವುದೂ ಇಲ್ಲ. ಅಂದರೆ ನಿಮ್ಮದು ಕ್ಯಾನ್ಸರ್ ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ಹಾಗೆಂದು ಕೈಕಟ್ಟಿ ಕೂರುವಷ್ಟು ಸಣ್ಣ ಸಾಧ್ಯತೆಯೂ ಇದಲ್ಲ. ನಿಮ್ಮನ್ನು ಕ್ಯಾನ್ಸರ್ ಸರ್ಜನ್ ಹತ್ತಿರ ಕಳಿಸಿದವರು ಸರಿಯಾದದ್ದನ್ನೇ ಮಾಡಿದ್ದಾರೆ. 28 ಎಂಬ ಸಂಖ್ಯೆ ಆ ಸಲಹೆಯನ್ನು ಯಾಕೆ ಬದಲಿಸುವುದಿಲ್ಲ ಎಂಬುದನ್ನು ನೋಡೋಣ.

ಸಿಎ-125 ಎನ್ನುವುದು ಅಂಡಾಶಯದ ಕ್ಯಾನ್ಸರ್ ಮಾತ್ರ ತಯಾರಿಸುವ ವಸ್ತುವಲ್ಲ. ಹೊಟ್ಟೆಯ ಒಳಗೋಡೆಯ ಪೊರೆ, ಶ್ವಾಸಕೋಶದ ಹೊದಿಕೆ, ಹೃದಯದ ಹೊದಿಕೆ, ಗರ್ಭಕೋಶದ ಒಳಪದರ ಇವೆಲ್ಲ ಇದನ್ನು ಬಿಡುಗಡೆ ಮಾಡುತ್ತವೆ. ಈ ಪೊರೆಗಳಲ್ಲಿ ಯಾವುದಕ್ಕೆ ಕಿರಿಕಿರಿಯಾದರೂ ರಕ್ತದಲ್ಲಿ ಮಟ್ಟ ಏರುತ್ತದೆ. ಆದ್ದರಿಂದ ಮುಟ್ಟಿನ ದಿನಗಳಲ್ಲಿ, ಗರ್ಭಿಣಿಯರಲ್ಲಿ, ಗರ್ಭಕೋಶದ ಒಳಪದರದಂಥ ಊತಕ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಮತ್ತು ಫೈಬ್ರಾಯ್ಡ್ ಇರುವವರಲ್ಲಿ, ಲಿವರ್ ಸಿರೋಸಿಸ್ ಅಥವಾ ಹಾರ್ಟ್ ಫೇಲ್ಯೂರ್‌ನಿಂದ ನೀರು ತುಂಬಿದವರಲ್ಲಿ ಅದು ಹೆಚ್ಚಿರಬಹುದು. ಹೊಟ್ಟೆಯ ಕ್ಷಯದಲ್ಲಂತೂ ನೂರಾರಕ್ಕೆ ಏರಿ, ಜೊತೆಗೆ ಹೊಟ್ಟೆಯಲ್ಲಿ ನೀರು ತುಂಬಿ, ಹರಡಿದ ಅಂಡಾಶಯದ ಕ್ಯಾನ್ಸರೇ ಇದು ಎನ್ನಿಸುವಂತೆ ಕಾಣುವುದುಂಟು.

ಇದರ ಇನ್ನೊಂದು ಮಗ್ಗುಲು ನಿಮಗೆ ಸಂಬಂಧಿಸಿದ್ದು. ಗಡ್ಡೆ ಇನ್ನೂ ಅಂಡಾಶಯದ ಒಳಗೇ ಇದ್ದು ಪೊರೆಯನ್ನು ಕೆಣಕದಿದ್ದರೆ ಈ ಸಂಖ್ಯೆ ಏರದೆಯೂ ಇರಬಹುದು. ಮೊದಲ ಹಂತದ ಅಂಡಾಶಯದ ಕ್ಯಾನ್ಸರ್ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಸಿಎ-125 ಮಿತಿಯನ್ನು ದಾಟಿರುತ್ತದೆ. ಲೋಳೆ ತುಂಬಿದ ಹಲವು ಕೋಣೆಗಳ ಗಡ್ಡೆಗಳು, ಅಂದರೆ ಮ್ಯೂಸಿನಸ್ ಜಾತಿಯವು, ಸಿಎ-125 ಅನ್ನು ಅಷ್ಟಾಗಿ ಏರಿಸುವುದೇ ಇಲ್ಲ. ಅದಕ್ಕೇ ನಿಮ್ಮಂಥ ಚಿತ್ರವಿದ್ದಾಗ ಸಿಇಎ ಮತ್ತು ಸಿಎ 19-9 ಎಂಬ ಇನ್ನೆರಡು ರಕ್ತಪರೀಕ್ಷೆಗಳನ್ನೂ ಕೇಳುತ್ತೇವೆ. ಸಿಇಎ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಗಡ್ಡೆಯ ಮೂಲ ಕರುಳು ಅಥವಾ ಜಠರದಲ್ಲಿರಬಹುದೇ ಎಂದು ಎಂಡೋಸ್ಕೋಪಿ ಮಾಡಿ ನೋಡಬೇಕಾಗುತ್ತದೆ. ಅಲ್ಲಿಂದ ಅಂಡಾಶಯಕ್ಕೆ ಬಂದು ಕೂರುವ ಗಡ್ಡೆಗಳೂ ಉಂಟು.

ಸಿಎ-125 ನಾರ್ಮಲ್ ಎನ್ನಲು ಇಟ್ಟಿರುವ 35 ಎಂಬ ಗೆರೆ ಎಲ್ಲಿಂದ ಬಂತು ಎಂಬುದೂ ತಿಳಿದಿರಲಿ. 1983ರಲ್ಲಿ ಈ ಪರೀಕ್ಷೆಯ ಬಗ್ಗೆ ಪ್ರಕಟವಾದ ಅಧ್ಯಯನದಲ್ಲಿ ಆರೋಗ್ಯವಂತರ ಪೈಕಿ ಶೇ. 1ರಷ್ಟು ಮಂದಿ ಮಾತ್ರ 35ಕ್ಕಿಂತ ಮೇಲಿದ್ದರು, ಅಂಡಾಶಯದ ಕ್ಯಾನ್ಸರ್ ಇದ್ದವರಲ್ಲಿ ಶೇ. 82 ಮಂದಿ ಮೇಲಿದ್ದರು. ಕಾಯಿಲೆ ಇದೆಯೆಂದು ಗೊತ್ತಾದವರಲ್ಲಿ ಚಿಕಿತ್ಸೆ ಹೇಗೆ ಸಾಗುತ್ತಿದೆ ಎಂದು ಅಳೆಯಲು ಅದು ಒಳ್ಳೆಯ ಸಾಧನ, ಇಂದಿಗೂ ಅದರ ಗಟ್ಟಿ ಉಪಯೋಗ ಅದೇ. ಅದನ್ನೇ ಎತ್ತಿಕೊಂಡು ಬಂದು ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ "ಅಂಡಾಶಯ ಕ್ಯಾನ್ಸರ್ ಪರೀಕ್ಷೆ" ಎಂದು ಸೇರಿಸಿದ್ದರಿಂದ ಆಗಿರುವ ಗೊಂದಲ ಸಣ್ಣದಲ್ಲ. ಸಾಲದ್ದಕ್ಕೆ, ಮುಟ್ಟು ನಿಂತವರಲ್ಲಿ ಸಿಎ-125 ಸಹಜವಾಗಿಯೇ ಇಳಿದಿರುತ್ತದೆ. ಹಾಗಾಗಿ 54ರ ವಯಸ್ಸಿನಲ್ಲಿ 28 ಎಂದರೆ, ಮೂವತ್ತರ ಹರೆಯದವರ 28ರಷ್ಟು ನಿರಾಳವಾದ ಸಂಖ್ಯೆಯಲ್ಲ.

ಇದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಆರ್‌ಎಂಐ ಎಂಬ ಹಳೆಯ, ಸರಳ ಸೂಚ್ಯಂಕವೊಂದಿದೆ. ಸ್ಕ್ಯಾನ್ ಅಂಕ, ಮುಟ್ಟಿನ ಅಂಕ, ಸಿಎ-125 ಈ ಮೂರನ್ನೂ ಗುಣಿಸಬೇಕು, ಅಷ್ಟೇ. ಸ್ಕ್ಯಾನ್‌ನಲ್ಲಿ ಐದು ಸಂಗತಿ ನೋಡುತ್ತಾರೆ: ಹಲವು ಕೋಣೆಗಳು, ಗಟ್ಟಿ ಭಾಗ, ಎರಡೂ ಕಡೆ ಗಡ್ಡೆ, ಹೊಟ್ಟೆಯಲ್ಲಿ ನೀರು, ಬೇರೆಡೆ ಹರಡಿದ ಗುರುತು. ಯಾವುದೂ ಇಲ್ಲದಿದ್ದರೆ ಸೊನ್ನೆ, ಒಂದಿದ್ದರೆ 1, ಎರಡು ಅಥವಾ ಹೆಚ್ಚಿದ್ದರೆ 3. ಮುಟ್ಟು ನಿಲ್ಲದವರಿಗೆ 1, ನಿಂತವರಿಗೆ 3. ನಿಮ್ಮಲ್ಲಿ ಕೋಣೆಗಳೂ ಇವೆ, ಗಟ್ಟಿ ಭಾಗವೂ ಇದೆ, ಆದ್ದರಿಂದ 3. ಮುಟ್ಟು ನಿಂತಿದೆ, ಇನ್ನೊಂದು 3. ಮೂರು ಮೂರಲ ಒಂಬತ್ತು, ಅದಕ್ಕೆ 28 ಗುಣಿಸಿದರೆ 252. ಕ್ಯಾನ್ಸರ್ ಸರ್ಜನ್ ಬಳಿಗೆ ಕಳಿಸಲು ಕೆಲವು ಮಾರ್ಗಸೂಚಿಗಳು 200ರ ಗೆರೆ ಇಟ್ಟುಕೊಂಡಿವೆ, ಕೆಲವು 250ರ ಗೆರೆ. "ನಾರ್ಮಲ್" ಎಂದು ನೀವು ಸಮಾಧಾನಪಟ್ಟುಕೊಂಡ ಅದೇ 28 ನಿಮ್ಮನ್ನು ಎರಡೂ ಗೆರೆಗಳ ಆಚೆ ದಾಟಿಸಿದೆ.

ಈಗ 34 ವರ್ಷದ, ಮುಟ್ಟಿನಲ್ಲಿ ವಿಪರೀತ ನೋವು ತಿನ್ನುವ ಹೆಂಗಸೊಬ್ಬರನ್ನು ಊಹಿಸಿಕೊಳ್ಳಿ. ಸಿಎ-125 ಬಂದಿರುವುದು 180, ಮನೆಯವರೆಲ್ಲ ಗಾಬರಿ. ಸ್ಕ್ಯಾನ್‌ನಲ್ಲಿ ಒಂದೇ ಕೋಣೆಯ ಸಿಸ್ಟ್, ಒಳಗೆ ಮಂಜುಗಾಜಿನಂತೆ ಒಂದೇ ಸಮನಾದ ಬೂದು ಬಣ್ಣ, ಗಟ್ಟಿ ಭಾಗವಿಲ್ಲ. ಇದು ಎಂಡೊಮೆಟ್ರಿಯೋಸಿಸ್‌ನ ಚಾಕಲೇಟ್ ಸಿಸ್ಟ್‌ನ ಚಿತ್ರ. ಸ್ಕ್ಯಾನ್ ಅಂಕ ಸೊನ್ನೆ, ಗುಣಾಕಾರವೂ ಸೊನ್ನೆ. 180 ಇರುವವರಿಗಿಂತ 28 ಇರುವ ನೀವು ಬೇಗ ದೊಡ್ಡ ವೈದ್ಯರನ್ನು ಕಾಣಬೇಕು ಎಂಬುದು ವಿಚಿತ್ರವೆನಿಸಬಹುದು, ಆದರೆ ಈ ಇಬ್ಬರಲ್ಲೂ ತೀರ್ಮಾನ ಕೊಡುತ್ತಿರುವುದು ಸ್ಕ್ಯಾನಿಂಗ್. ರಕ್ತಪರೀಕ್ಷೆ ಅದರ ಹಿಂದೆ ಬರುವ ಸಾಕ್ಷಿ ಮಾತ್ರ. ಎಚ್‌ಇ4 ಎಂಬ ಹೊಸ ಮಾರ್ಕರ್ ಎಂಡೊಮೆಟ್ರಿಯೋಸಿಸ್‌ಗೆ ಏರುವುದಿಲ್ಲ, ಅಷ್ಟರ ಮಟ್ಟಿಗೆ ಅನುಕೂಲ. ಅದು ಕಿಡ್ನಿ ತೊಂದರೆಯಲ್ಲಿ, ಧೂಮಪಾನಿಗಳಲ್ಲಿ ಏರುತ್ತದೆ. ಅದನ್ನು ಮಾಡಿಸಿ ನಾರ್ಮಲ್ ಬಂದರೂ ನಿಮ್ಮ ದಾರಿ ಬದಲಾಗುವುದಿಲ್ಲ.

ಹಾಗಾದರೆ ಸ್ಕ್ಯಾನಿಂಗ್ ಮಾಡುವವರ ಕಣ್ಣು ಏನನ್ನು ಹುಡುಕುತ್ತದೆ? ಗಾತ್ರ ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ತೆಳು ಗೋಡೆಯ, ಒಂದೇ ಕೋಣೆಯ, ತಿಳಿನೀರಿನ ಸಿಸ್ಟ್ ದೊಡ್ಡದಾಗಿದ್ದರೂ ಬಹುಮಟ್ಟಿಗೆ ನಿರಪಾಯಕಾರಿ. ಮುಟ್ಟು ನಿಂತವರಲ್ಲೂ ಅಂಥದು 5 ಸೆಂ.ಮೀ.ಗಿಂತ ಚಿಕ್ಕದಿದ್ದು, ಸಿಎ-125 ಮಿತಿಯೊಳಗಿದ್ದರೆ 4ರಿಂದ 6 ತಿಂಗಳಿಗೊಮ್ಮೆ ನೋಡುತ್ತಾ ಹೋಗಿ, ಒಂದು ವರ್ಷ ಬೆಳೆಯದಿದ್ದರೆ ಬಿಟ್ಟುಬಿಡುವುದು ರೂಢಿ. ಅನುಮಾನ ಹುಟ್ಟಿಸುವುದು ಒಳಗಿನ ರಚನೆ. ಅದರಲ್ಲೂ ಮುಖ್ಯವಾದದ್ದು ಗಟ್ಟಿ ಭಾಗ ಮತ್ತು ಅದರೊಳಗಿನ ರಕ್ತಸಂಚಾರ. ಸಿಸ್ಟ್‌ನ ಗೋಡೆಯಿಂದ ಒಳಕ್ಕೆ 3 ಮಿ.ಮೀ. ಅಥವಾ ಹೆಚ್ಚು ಎತ್ತರಕ್ಕೆ ಚಾಚಿದ ಮೊಗ್ಗನ್ನು ಪ್ಯಾಪಿಲ್ಲರಿ ಪ್ರೊಜೆಕ್ಷನ್ ಎನ್ನುತ್ತೇವೆ. ಇಂಥವು ನಾಲ್ಕೋ ಹೆಚ್ಚೋ ಇದ್ದರೆ, ಅಂಚು ಒರಟಾದ ಪೂರ್ತಿ ಗಟ್ಟಿ ಗಡ್ಡೆಯಾಗಿದ್ದರೆ, ಗಟ್ಟಿ ಭಾಗವಿರುವ ಅಡ್ಡಾದಿಡ್ಡಿ ಕೋಣೆಗಳ ಗಡ್ಡೆ 10 ಸೆಂ.ಮೀ. ಮುಟ್ಟಿದ್ದರೆ, ಬಣ್ಣದ ಡಾಪ್ಲರ್ ಹಚ್ಚಿದಾಗ ತುಂಬ ರಕ್ತ ಹರಿಯುವುದು ಕಂಡರೆ ಅಥವಾ ಹೊಟ್ಟೆಯಲ್ಲಿ ನೀರಿದ್ದರೆ ಅದು ಕ್ಯಾನ್ಸರಿನ ಕಡೆಗೆ ವಾಲುವ ಗುರುತು. ಗಟ್ಟಿ ಭಾಗ 7 ಮಿ.ಮೀ.ಗಿಂತ ಚಿಕ್ಕದಿರುವುದು, ಗಡ್ಡೆಯ ಹಿಂದೆ ಕಪ್ಪು ನೆರಳು ಬೀಳುವುದು, ರಕ್ತಸಂಚಾರವೇ ಇಲ್ಲದಿರುವುದು ಇವು ನಿರಪಾಯದ ಗುರುತುಗಳು.

ನಿಮ್ಮ ವರದಿಯನ್ನು ಈ ತಕ್ಕಡಿಯಲ್ಲಿಟ್ಟರೆ ಅದು ಯಾವ ಕಡೆಗೂ ಪೂರ್ತಿ ವಾಲುವುದಿಲ್ಲ. 6.2 ಸೆಂ.ಮೀ. ಎಂದರೆ 10 ಮುಟ್ಟಿಲ್ಲ, ನೀರಿಲ್ಲ, ರಕ್ತಸಂಚಾರ ಜೋರಾಗಿಲ್ಲ. ಹಾಗಂತ 9 ಮಿ.ಮೀ. ಗಟ್ಟಿ ಭಾಗ 7ರ ಒಳಗೂ ಇಲ್ಲ, ಅದರಲ್ಲಿ ಅಲ್ಪವಾದರೂ ರಕ್ತ ಹರಿಯುತ್ತಿದೆ. ಈ ನಿಯಮಗಳ ಪ್ರಕಾರ ಇದು "ಹೇಳಲಾಗದು" ಎಂಬ ಗುಂಪು. ಹೇಳಲಾಗದ್ದನ್ನು ಏನೂ ಇಲ್ಲವೆಂದು ಎಣಿಸದೆ, ಇರಬಹುದೆಂದೇ ಎಣಿಸಿ ಮುಂದುವರಿಯುತ್ತೇವೆ. ಇಲ್ಲವೇ ಇಂಥ ಗಡ್ಡೆಗಳನ್ನೇ ನಿತ್ಯ ನೋಡುವವರಿಂದ ಇನ್ನೊಮ್ಮೆ ಸ್ಕ್ಯಾನ್ ಅಥವಾ ಎಂಆರ್‌ಐ ಮಾಡಿಸುತ್ತೇವೆ.

ಇನ್ನೊಮ್ಮೆ ನೋಡುವುದರಿಂದ ಏನು ಲಾಭ ಎಂದರೆ, ಗಟ್ಟಿಯಾಗಿ ಕಂಡದ್ದೆಲ್ಲ ಗಟ್ಟಿ ಅಲ್ಲ. ಸಿಸ್ಟ್ ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದೂ ಗೋಡೆಗೆ ಅಂಟಿದ ಗಡ್ಡೆಯ ಹಾಗೇ ಕಾಣುತ್ತದೆ. ಆಗ ಪ್ರೋಬ್‌ನಿಂದ ಮೆಲ್ಲಗೆ ತಟ್ಟಿ ನೋಡುತ್ತಾರೆ. ಹೆಪ್ಪಾದರೆ ಜೆಲ್ಲಿಯಂತೆ ತೊನೆಯುತ್ತದೆ, ಡಾಪ್ಲರ್‌ನಲ್ಲಿ ಒಳಗೆ ಒಂದು ಚುಕ್ಕೆ ಬಣ್ಣವೂ ಮೂಡುವುದಿಲ್ಲ. ನಿಜವಾದ ಊತಕ ಅಲುಗುವುದಿಲ್ಲ, ಒಳಗೆ ಸಣ್ಣ ರಕ್ತನಾಳ ಮಿನುಗುತ್ತದೆ. ಕಿರಿಯರಲ್ಲಿ ಅನುಮಾನ ಉಳಿದರೆ ಆರೆಂಟು ವಾರ ಬಿಟ್ಟು ನೋಡಿದಾಗ ಹೆಪ್ಪು ಕರಗಿರುತ್ತದೆ. ಆದರೆ ನಿಮ್ಮ ವಯಸ್ಸಿನಲ್ಲಿ ಅಂಡ ಬಿಡುಗಡೆಯೇ ನಿಂತಿರುವುದರಿಂದ ಆ ವಿವರಣೆಗೆ ಜಾಗ ಕಡಿಮೆ.

ಕಳೆದ ವರ್ಷದ ಸ್ಕ್ಯಾನ್ ಬಗ್ಗೆ ಎರಡು ಮಾತು. ಹೆಲ್ತ್ ಚೆಕಪ್‌ನಲ್ಲಿ ಮಾಡುವುದು ಹೊಟ್ಟೆಯ ಮೇಲಿಂದ. ಮುಟ್ಟು ನಿಂತ ಮೇಲೆ ಅಂಡಾಶಯ ಸುಮಾರು 2 ಸೆಂ.ಮೀ.ಗೆ ಕುಗ್ಗಿ, ಕರುಳಿನ ಮರೆಯಲ್ಲಿ ಕೂತಿರುತ್ತದೆ. ಕರುಳಿನ ಗಾಳಿ ಅಡ್ಡ ಬಂದರೆ ಕಾಣುವುದೇ ಇಲ್ಲ. ಆ ಹಳೆಯ ವರದಿಯನ್ನು ತೆಗೆದು ನೋಡಿ, "ಅಂಡಾಶಯಗಳು ಕಾಣಲಿಲ್ಲ" ಎಂದೋ, ಅವುಗಳ ಅಳತೆಯೇ ಇಲ್ಲದೆಯೋ ಬರೆದಿರಬಹುದು. ಕಾಣದಿರುವುದೂ ಸರಿಯಾಗಿರುವುದೂ ಒಂದೇ ಅಲ್ಲ. ಯೋನಿಯ ಮೂಲಕ ಮಾಡುವಾಗ ಪ್ರೋಬ್ ಅಂಡಾಶಯದ ಪಕ್ಕಕ್ಕೇ ಬರುತ್ತದೆ, ಮಿಲಿಮೀಟರ್ ಲೆಕ್ಕದ ವಿವರ ಸಿಗುತ್ತದೆ.

ಆದರೆ ಈ ಕ್ಯಾನ್ಸರ್ ತಡವಾಗಿ ಸಿಗುವುದಕ್ಕೆ ಯಾರದೋ ಅಲಕ್ಷ್ಯವೇ ಕಾರಣ ಎಂಬ ಮಾತು ಅರ್ಧ ಸತ್ಯ. ಅತಿ ಸಾಮಾನ್ಯವೂ ಅತಿ ಆಕ್ರಮಣಕಾರಿಯೂ ಆದ ಹೈ-ಗ್ರೇಡ್ ಸೀರಸ್ ಎಂಬ ಬಗೆ, ಹೆಸರು ಅಂಡಾಶಯದ್ದಾದರೂ, ಬಹಳಷ್ಟು ಸಲ ಶುರುವಾಗುವುದು ಗರ್ಭನಾಳದ ತುದಿಯಲ್ಲಿರುವ ಬೆರಳಿನಂಥ ಕುಚ್ಚಿನಲ್ಲಿ. ಆ ಕುಚ್ಚು ಹೊಟ್ಟೆಯ ಒಳಕ್ಕೇ ಬಾಯ್ತೆರೆದುಕೊಂಡಿದೆ. ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಹಂತದಲ್ಲೇ ಜೀವಕೋಶಗಳು ಅಲ್ಲಿಂದ ಉದುರಿ, ಹೊಟ್ಟೆಯೊಳಗೆ ಸದಾ ಸುತ್ತುವ ತೆಳುದ್ರವದಲ್ಲಿ ತೇಲಿಕೊಂಡು, ಕರುಳಿನ ಮೇಲೆ ಪರದೆಯಂತೆ ಇಳಿಬಿದ್ದ ಒಮೆಂಟಮ್ ಎಂಬ ಕೊಬ್ಬಿನ ಪದರಕ್ಕೂ ಬಲಗಡೆ ವಪೆಯ ಕೆಳಗೂ ಹೋಗಿ ನಾಟಿಕೊಳ್ಳಬಲ್ಲವು. ಸ್ತನದಲ್ಲೋ ಕರುಳಿನಲ್ಲೋ ಗಡ್ಡೆ ಒಂದಷ್ಟು ಕಾಲ ಒಂದೆಡೆ ಬೆಳೆದು, ಗೋಡೆ ತೂರಿ, ಆಮೇಲೆ ಹರಡುತ್ತದೆ. ಇಲ್ಲಿ ತೂರಲು ಗೋಡೆಯೇ ಇಲ್ಲ. ಹಾಗಾಗಿ ಅಂಡಾಶಯ ಸ್ಕ್ಯಾನ್‌ನಲ್ಲಿ ಸಹಜವಾಗಿ ಕಾಣುತ್ತಿರುವಾಗಲೇ ಕಾಯಿಲೆ ಮೂರನೇ ಹಂತ ತಲುಪಿರಬಹುದು. ನಿಮ್ಮದರಂತೆ ಒಂದೇ ಅಂಡಾಶಯದಲ್ಲಿ ಕೋಣೆಕೋಣೆಯಾಗಿ ಬೆಳೆಯುವ ಗಡ್ಡೆಗಳು ಹೆಚ್ಚಾಗಿ ಬೇರೆ, ನಿಧಾನದ ಜಾತಿಯವು. ಕ್ಯಾನ್ಸರ್ ಆಗಿದ್ದರೂ ಮೊದಲ ಹಂತದಲ್ಲೇ ಸಿಗುವ ಸಾಧ್ಯತೆ ಅವುಗಳಲ್ಲಿ ಹೆಚ್ಚು.

ಲಕ್ಷಣಗಳ ವಿಷಯದಲ್ಲಿ ಒಂದನ್ನು ಗಮನಿಸಿದೆ. ಕೆಳಹೊಟ್ಟೆಯಲ್ಲಿ 6 ಸೆಂ.ಮೀ. ಸಿಸ್ಟ್ ಇದ್ದ ಮಾತ್ರಕ್ಕೆ ನಾಲ್ಕು ತುತ್ತಿಗೆ ಹೊಟ್ಟೆ ತುಂಬಿದಂತಾಗಬೇಕಿಲ್ಲ, ಜಠರ ಇರುವುದು ಮೇಲೆ. ಅದು ನಿಜಕ್ಕೂ ಗ್ಯಾಸ್ಟ್ರಿಕ್ಕೇ ಇರಬಹುದು, ಒಮೆಂಟಮ್‌ನಲ್ಲಿ ಏನಾದರೂ ಇರಲೂಬಹುದು. ಆದ್ದರಿಂದ ಆಪರೇಷನ್‌ಗೆ ಮುಂಚೆ ಎದೆ, ಹೊಟ್ಟೆ, ಕೆಳಹೊಟ್ಟೆ ಮೂರರದ್ದೂ ಸಿಟಿ ಸ್ಕ್ಯಾನ್ ಆಗಬೇಕು. ಉಬ್ಬರ, ಬೇಗ ಹೊಟ್ಟೆ ತುಂಬುವುದು, ಕೆಳಹೊಟ್ಟೆ ನೋವು, ಪದೇ ಪದೇ ಮೂತ್ರ ಇವು ಎಲ್ಲರಿಗೂ ಆಗಾಗ ಬರುವಂಥವೇ. ಹೊಸದಾಗಿ ಶುರುವಾಗಿ, ತಿಂಗಳಲ್ಲಿ 12 ದಿನಕ್ಕಿಂತ ಹೆಚ್ಚು ಕಾಡಿದರೆ, ಅದರಲ್ಲೂ ಐವತ್ತು ದಾಟಿದವರಲ್ಲಿ, ಮಾತ್ರೆ ಬದಲಿಸುವ ಮೊದಲು ಅಂಡಾಶಯ ನೋಡಬೇಕು.

ಸೂಜಿಯ ಪ್ರಶ್ನೆಗೆ ನನ್ನ ಉತ್ತರ ನೇರ: ಬೇಡ. ಗಡ್ಡೆ ಅಂಡಾಶಯದೊಳಗೇ ಇದ್ದು ಕ್ಯಾನ್ಸರ್ ಆಗಿದ್ದರೆ ಅದು 1ಎ ಹಂತ, ಕೆಲವು ಬಗೆಗಳಲ್ಲಿ ಆಪರೇಷನ್ ಒಂದರಲ್ಲೇ ಮುಗಿಯಬಹುದಾದ ಕಾಯಿಲೆ. ಸೂಜಿ ಚುಚ್ಚಿ ದ್ರವ ಹೊಟ್ಟೆಯೊಳಗೆ ಸೋರಿದರೆ ಅದೇ 1ಸಿ ಆಗುತ್ತದೆ, ಕೀಮೋಥೆರಪಿಯ ಮಾತು ಬರುತ್ತದೆ. ಇಷ್ಟು ಅಪಾಯ ತೆಗೆದುಕೊಂಡು ಸಿಗುವುದಾದರೂ ಏನು? ತೆಗೆದ ನೀರಿನಲ್ಲಿ ಕ್ಯಾನ್ಸರ್ ಕೋಶ ಕಾಣದಿದ್ದರೂ ಗೋಡೆಯ 9 ಮಿ.ಮೀ. ಭಾಗದಲ್ಲಿ ಇಲ್ಲವೆಂದು ಹೇಳಲಾಗುವುದಿಲ್ಲ. ಕಾಯಿಲೆ ಈಗಾಗಲೇ ಹೊಟ್ಟೆಯಲ್ಲೆಲ್ಲ ಹರಡಿದ್ದು ಮೊದಲು ಕೀಮೋ ಕೊಡಬೇಕಾದವರಲ್ಲಿ ಮಾತ್ರ ಸೂಜಿ ಬಯಾಪ್ಸಿ ಸರಿ, ಅಲ್ಲಿ ಅದು ಅಗತ್ಯ ಕೂಡ. ಕ್ಷಯವನ್ನು ಕ್ಯಾನ್ಸರ್ ಎಂದು ತಪ್ಪು ತಿಳಿಯದಿರಲು ಅದೇ ಕಾವಲು.

ಉಳಿದ ದಾರಿಗಳಲ್ಲಿ ಒಂದು, ಮೂರು ತಿಂಗಳು ಕಾದು ಮತ್ತೆ ಸ್ಕ್ಯಾನ್. ಗಟ್ಟಿ ಭಾಗವೂ ಲಕ್ಷಣಗಳೂ ಇರುವಾಗ ನಾನು ಇದನ್ನು ಹೇಳುವುದಿಲ್ಲ. ಇನ್ನೊಂದು, ಹತ್ತಿರದಲ್ಲೇ ಲ್ಯಾಪರೊಸ್ಕೋಪಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಆಪರೇಷನ್ ಮಾಡಿ ಸಿಸ್ಟ್ ಮಾತ್ರ ಬಿಡಿಸಿ ತೆಗೆಯುವುದು. ಬಿಡಿಸುವಾಗ ಸಿಸ್ಟ್ ಒಡೆಯುವುದು ಸಾಮಾನ್ಯ. ಒಡೆದ ಮೇಲೆ ಕ್ಯಾನ್ಸರ್ ಎಂದು ವರದಿ ಬಂದರೆ ಎರಡನೇ ದೊಡ್ಡ ಆಪರೇಷನ್, ಅದೂ ಕೆಟ್ಟ ಹಂತದೊಂದಿಗೆ. ನಿಮಗೆ ಹೊಂದುವುದು ಮೂರನೆಯದು. ಮೊದಲು ಹೊಟ್ಟೆಯೊಳಗಿನ ದ್ರವದ ಮಾದರಿ ತೆಗೆದು, ಒಳಗೆಲ್ಲ ಕಣ್ಣಾಡಿಸಿ, ಅಂಡಾಶಯವನ್ನು ನಾಳದ ಸಮೇತ ಇಡಿಯಾಗಿ ಚೀಲದೊಳಗೆ ಹಾಕಿ ಹೊರತೆಗೆಯುವುದು. ನೀವು ಮಲಗಿರುವಾಗಲೇ ಫ್ರೋಜನ್ ಸೆಕ್ಷನ್ ಎಂಬ ತುರ್ತು ಪರೀಕ್ಷೆ ಸುಮಾರು ಅರ್ಧ ಗಂಟೆಯಲ್ಲಿ ಉತ್ತರ ಕೊಡುತ್ತದೆ. ನಿರಪಾಯ ಎಂದರೆ ಅಲ್ಲಿಗೇ ನಿಲ್ಲಿಸಬಹುದು, ನಿಮ್ಮ ವಯಸ್ಸಿಗೆ ಇನ್ನೊಂದು ಅಂಡಾಶಯವನ್ನೂ ತೆಗೆಯುವುದು ಸಾಮಾನ್ಯ. ಕ್ಯಾನ್ಸರ್ ಎಂದರೆ ಅದೇ ಸಲಕ್ಕೆ ಗರ್ಭಕೋಶ, ಒಮೆಂಟಮ್, ಪೊರೆಯ ತುಣುಕುಗಳು, ಬೇಕಾದರೆ ದುಗ್ಧಗ್ರಂಥಿಗಳು. ಫ್ರೋಜನ್‌ಗೂ ಮಿತಿಯಿದೆ. ಮ್ಯೂಸಿನಸ್ ಗಡ್ಡೆಗಳಲ್ಲಿ ಕ್ಯಾನ್ಸರ್ ಒಂದು ಮೂಲೆಯಲ್ಲಷ್ಟೇ ಇರಬಹುದು, ಅಂತಿಮ ವರದಿಯಲ್ಲಿ ಉತ್ತರ ಬದಲಾದರೆ ಮತ್ತೊಂದು ಆಪರೇಷನ್ ಬೇಕಾದೀತು. ಸರ್ಜನ್ ಬಳಿ ಎರಡು ಪ್ರಶ್ನೆ ತಪ್ಪದೆ ಕೇಳಿ: ಅಲ್ಲೇ ಫ್ರೋಜನ್ ಸೌಲಭ್ಯ ಇದೆಯೇ, ಗಡ್ಡೆಯನ್ನು ಒಡೆಯದೆ ತೆಗೆಯುವ ಯೋಜನೆ ಏನು. ಲ್ಯಾಪರೊಸ್ಕೋಪಿಯಲ್ಲಿ ಇಡಿಯಾಗಿ ತೆಗೆಯಲು ಆಗದೆನಿಸಿದರೆ ಹೊಟ್ಟೆ ತೆರೆದು ಮಾಡುವುದೇ ಲೇಸು. ಗಾಯದ ಗಾತ್ರ ಇಲ್ಲಿ ಎರಡನೆಯ ಮಾತು. ಈ ನಡುವೆ ಒಂದು ಬದಿಗೆ ಇದ್ದಕ್ಕಿದ್ದಂತೆ ತೀವ್ರ ನೋವು, ವಾಂತಿ ಬಂದರೆ ಸಿಸ್ಟ್ ತಿರುಚಿಕೊಂಡಿರಬಹುದು, ಅಪಾಯಿಂಟ್‌ಮೆಂಟ್ ಕಾಯದೆ ಅಂದೇ ಹೋಗಿ.

ಮಗಳಿಗೆ ವರ್ಷಕ್ಕೊಮ್ಮೆ ಸಿಎ-125 ಬೇಡ. ಬ್ರಿಟನ್ನಿನಲ್ಲಿ 50ರಿಂದ 74 ವರ್ಷದ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ವರ್ಷವರ್ಷ ರಕ್ತಪರೀಕ್ಷೆ ಮಾಡಿದ ಗುಂಪಿನಲ್ಲಿ ಒಂದಷ್ಟು ಕ್ಯಾನ್ಸರ್‌ಗಳು ಮುಂಚಿನ ಹಂತದಲ್ಲಿ ಸಿಕ್ಕವು, ಆದರೆ ಆ ಕಾಯಿಲೆಯಿಂದ ಸತ್ತವರ ಪ್ರಮಾಣ ಕಡಿಮೆಯಾಗಲಿಲ್ಲ. ಅಮೆರಿಕದ ದೊಡ್ಡ ಅಧ್ಯಯನದಲ್ಲೂ ಸಾವು ಇಳಿಯಲಿಲ್ಲ, ಬದಲಿಗೆ ಕ್ಯಾನ್ಸರ್ ಇಲ್ಲದ ಸಾವಿರಕ್ಕೂ ಹೆಚ್ಚು ಹೆಂಗಸರು ಆಪರೇಷನ್‌ಗೆ ಒಳಗಾದರು.

ಮಗಳಿಗೆ ನಿಜವಾಗಿ ಉಪಯೋಗವಾಗುವ ಸುಳಿವು ನಿಮ್ಮ ಪತ್ರದ ಕೊನೆಯಲ್ಲಿದೆ. 41ಕ್ಕೇ ಸ್ತನ ಕ್ಯಾನ್ಸರ್ ಬಂದ ಚಿಕ್ಕಮ್ಮ. ಬಿಆರ್‌ಸಿಎ1, ಬಿಆರ್‌ಸಿಎ2 ವಂಶವಾಹಿಗಳಲ್ಲಿ ದೋಷವಿದ್ದರೆ ಸ್ತನಕ್ಕೂ ಅಂಡಾಶಯಕ್ಕೂ ಅಪಾಯ ಏರುತ್ತದೆ. ಸಾಮಾನ್ಯ ಹೆಂಗಸರಿಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಸಾಧ್ಯತೆ ಶೇ. 1ರಿಂದ 2ರ ನಡುವೆ ಇದ್ದರೆ, ಬಿಆರ್‌ಸಿಎ1 ದೋಷವಿದ್ದವರಿಗೆ ಸುಮಾರು ಶೇ. 40. ಅಂಥವರಿಗೆ ಮಕ್ಕಳಾದ ಮೇಲೆ, 35ರಿಂದ 40ರೊಳಗೆ ಅಂಡಾಶಯ ಮತ್ತು ನಾಳ ಎರಡನ್ನೂ ತೆಗೆಸುವುದು ಜೀವ ಉಳಿಸುವ ಕ್ರಮ ಎಂದು ಸಾಬೀತಾಗಿದೆ. ಪರೀಕ್ಷೆಯನ್ನು ಮಗಳಿಂದ ಶುರುಮಾಡಬೇಡಿ. ಮೊದಲು ಕಾಯಿಲೆ ಬಂದವರಿಗೇ, ಅಂದರೆ ಚಿಕ್ಕಮ್ಮ ಇದ್ದರೆ ಅವರಿಗೆ ಮಾಡಿಸಬೇಕು. ಅವರಲ್ಲಿ ದೋಷ ಸಿಕ್ಕರೆ ನಿಮ್ಮಲ್ಲಿ ಅದೊಂದನ್ನೇ ಹುಡುಕಿದರೆ ಸಾಕು, ನಿಮ್ಮಲ್ಲಿ ಇಲ್ಲವೆಂದಾದರೆ ಆ ದೋಷ ನಿಮ್ಮಿಂದ ಮಗಳಿಗೆ ಹೋಗಿರುವ ಪ್ರಶ್ನೆಯೇ ಬರುವುದಿಲ್ಲ. ಅವರು ಈಗ ಇಲ್ಲದಿದ್ದರೆ, ಅಥವಾ ನಿಮ್ಮ ಗಡ್ಡೆಯೇ ಕ್ಯಾನ್ಸರ್ ಎಂದಾದರೆ, ಪರೀಕ್ಷೆ ನಿಮ್ಮಿಂದಲೇ ಶುರುವಾಗಲಿ. ಈ ಸಂಗತಿಯನ್ನು ಸರ್ಜನ್‌ಗೆ ಆಪರೇಷನ್‌ಗೆ ಮೊದಲೇ ತಿಳಿಸಿ. ಆಗ ತೆಗೆದ ಗರ್ಭನಾಳದ ಕುಚ್ಚನ್ನು ಪೆಥಾಲಜಿಸ್ಟ್ ಒಂದೆರಡು ತುಂಡು ನೋಡಿ ಬಿಡದೆ, ಪೂರ್ತಿಯಾಗಿ ತೆಳ್ಳಗೆ ಕತ್ತರಿಸಿ ನೋಡುತ್ತಾರೆ.